ಹುಲಿಗೆಮ್ಮನ ಹಲ್ಲು

ಮೊನ್ನೆ ನಮ್ಮ ಮನೆಯವರು ಒಂದು ಹಲ್ಲು ನುಂಗುವುದರಲ್ಲಿದ್ದರು. ಅವರ ಹಲ್ಲಲ್ಲ, ಬೇರೊಬ್ಬರದು.

ಆದದ್ದು ಇಷ್ಟೇ. ಅವರಿಗೆ ನೆಗಡಿ. ನೆಗಡಿ ಬಂದರೆ ನಮ್ಮ ಮನೆಯಲ್ಲಿ ಹೋಮಿಯೋಪತಿ ಗುಳಿಗೆ. ಕಪಾಟಿನ ಮೇಲಿನ ಅರೆಯಲ್ಲಿ ಬೆರಳುದ್ದದ ಹತ್ತಾರು ಗಾಜಿನ ಶೀಷೆಗಳಿವೆ. ಯಾವುದರ ಮೇಲೂ ಹೆಸರಿಲ್ಲ, ಎಲ್ಲವೂ ಒಂದೇ ರುಚಿ, ಯಾವುದನ್ನು ತಿಂದರೂ ನೆಗಡಿ ವಾರಕ್ಕೆ ಹೋಗುತ್ತದೆ. ಅವರು ಕನ್ನಡಕ ಹಾಕಿಕೊಳ್ಳದೆ ಒಂದು ಶೀಷೆ ತೆಗೆದು, ಅಂಗೈಗೆ ಸುರುವಿ, ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದರು.

"ಏ ಇವಳ, ಈ ಗುಳಿಗಿ ಹಿಂಗ್ಯಾಕ ಮೂಲಿ ಮೂಲಿ ಅದ?"

ನಾನು ಅಡುಗೆಮನೆಯಿಂದ ಓಡಿಬಂದು ನೋಡಿದರೆ ಹುಲಿಗೆಮ್ಮನ ಹಲ್ಲು! ಮೇಲಿನ ಸಾಲಿನದು, ಮುಂದಿನದು. ಸಣ್ಣದು, ಅಕ್ಕಿಗಿಂತ ದೊಡ್ಡದು, ಜೋಳಕ್ಕಿಂತ ಬಿಳಿಯದು. ಕಸಿದುಕೊಂಡು ಶೀಷೆಗೆ ಹಾಕಿ ಬಿರಡೆ ಒತ್ತಿದೆ. ಅವರಿಗೆ ಬೇರೆ ಶೀಷೆ ಕೊಟ್ಟೆ. ನೆಗಡಿ ಅವರದು, ಆದರೆ ಸಿಕ್ಕಿಬಿದ್ದವಳು ನಾನು. ಯಾಕೆಂದರೆ ಆ ಹಲ್ಲು ನನ್ನ ಹತ್ತಿರ ಇರಬಾರದಾಗಿತ್ತು. ಅದು ಎಂದೋ ಮಾನ್ವಿ ತಾಲ್ಲೂಕಿನ ಮಲ್ಲಟದ ಒಂದು ಮಾಳಿಗೆಯ ಮೇಲೆ ಬಿದ್ದಿರಬೇಕಾಗಿತ್ತು. ನಾನು ಮಾತು ಕೊಟ್ಟಿದ್ದೆ. ಕೊಟ್ಟು ಎರಡು ವರ್ಷ ಆಗುತ್ತ ಬಂತು.

ನಿಮಗೆ ಮೊದಲು ನನ್ನ ಉದ್ಯೋಗ ಹೇಳಬೇಕು, ಇಲ್ಲದಿದ್ದರೆ ನಾನು ಮಕ್ಕಳ ಹಲ್ಲು ಕೂಡಿಡುವ ಹೆಂಗಸು ಎಂದುಕೊಂಡೀರಿ. ರಾಯಚೂರಿನಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಾಟಕ ಆಡಿಸುತ್ತೇನೆ. ಹಾಗಾಗಿ ಊರಿನಲ್ಲಿ ನನಗೆ ಅಕ್ಕೋರು, ಎಂದರೆ ಟೀಚರು, ಎಂಬ ಹೆಸರು. ಎರಡು ಬೇಸಿಗೆಯ ಹಿಂದೆ ಬೆಂಗಳೂರಿನಿಂದ ಸುಹಾಸ ಎಂಬ ಹುಡುಗ ಬಂದ. ಹುಡುಗ ಎನ್ನುತ್ತೇನೆ, ಅವನಿಗೆ ಮೂವತ್ತೆರಡು. ಸಿನಿಮಾ ನಿರ್ದೇಶಕ. ಅಜ್ಜ-ಮೊಮ್ಮಗಳ ಕಥೆಯೊಂದನ್ನು ನಮ್ಮ ಸೀಮೆಯಲ್ಲೇ ತೆಗೆಯಬೇಕಿತ್ತು. "ಮೇಡಂ, ಏಳೆಂಟು ವರ್ಷದ ಹುಡುಗಿ ಬೇಕು. ಆಕ್ಟಿಂಗ್ ಬರಬಾರದು," ಎಂದ. ನನಗೆ ಸ್ವಲ್ಪ ಅವಮಾನವೇ ಆಯಿತು. ಇಪ್ಪತ್ತು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಅದನ್ನೇ ಅಲ್ಲವೇ?

ಆದರೆ ರಾಯಚೂರಿನ ಒಂದು ಶಾಲೆಯಲ್ಲಿ ಆಯ್ಕೆಗೆ ಕೂತ ಮೊದಲ ದಿನವೇ ಅವನ ಮಾತು ಅರ್ಥವಾಯಿತು. ಮಕ್ಕಳು ಮಿಂಚುವ ಅಂಗಿ ತೊಟ್ಟು, ಪೌಡರ್ ಬಳಿದುಕೊಂಡು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ಬಂದು, ಎಡಗೈ ಸೊಂಟಕ್ಕೆ, ಬಲಗೈ ಆಕಾಶಕ್ಕೆ. ಆಮೇಲೆ ಆ ರಾಗ! ಶಾಲೆಯ ವಾರ್ಷಿಕೋತ್ಸವದಲ್ಲಿ, ನಮ್ಮ ಕಡೆಯ ಗ್ಯಾದರಿಂಗಿನಲ್ಲಿ, ಭಾಷಣ ಮಾಡುವ ರಾಗ. "ನಿನ್ನ ಹೆಸರೇನು" ಎಂದರೂ ಅದೇ ರಾಗದಲ್ಲಿ ಉತ್ತರ. ಬಳೆ ಅಂಗಡಿಯ ತಾಯಿಯೊಬ್ಬಳು ಬುರ್ಖಾದ ಪರದೆ ಸರಿಸಿ, "ಮೇರಿ ಬೇಟಿಕು ಡ್ಯಾನ್ಸ್ ಭೀ ಆತಾ, ದೇಖೋಜೀ," ಎಂದು ಮಗಳನ್ನು ಮುಂದೆ ದಬ್ಬಿದಳು. ಆ ಹುಡುಗಿ ಕುಣಿದಳು. ಪಾಪ, ಚೆನ್ನಾಗಿಯೇ ಕುಣಿದಳು. ಕುಣಿಯುವಷ್ಟು ಹೊತ್ತೂ ಅವಳ ಕಣ್ಣು ತಾಯಿಯ ಮೇಲಿತ್ತು. ಸುಹಾಸ ನನ್ನ ಕಿವಿಯಲ್ಲಿ, "ಕ್ಯಾಮೆರಾ ಇಟ್ಟರೂ ಇವಳು ಅಮ್ಮನನ್ನೇ ನೋಡ್ತಾಳೆ, ಸರಿಯಾಯ್ತಾ ಅಂತ," ಎಂದ. ಅವನಿಗೆ ಬೇಕಾಗಿದ್ದುದು ಸರಿಯಾಯಿತೇ ಎಂದು ಯಾರನ್ನೂ ಕೇಳದ ಮಗು.

ಮರುದಿನದಿಂದ ಹಾಡು, ಕುಣಿತ, ಡೈಲಾಗು ಎಲ್ಲ ಬಂದ್. ಮಗುವನ್ನು ಚಾಪೆಯ ಮೇಲೆ ಕೂರಿಸಿ ನಾವೂ ಎದುರಿಗೆ ಕೂರುತ್ತಿದ್ದೆವು. ಒಂದು ಮೂಲೆಯಲ್ಲಿ ಮೊಬೈಲಿನ ಕ್ಯಾಮೆರಾ ತಾನೇ ಓಡುತ್ತಿತ್ತು. ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇವತ್ತು ಮುಂಜಾನೆ ಎದ್ದಾಗಿನಿಂದ ಏನೇನು ಆಯಿತು? ಕೆಲವರು ಪಾಠ ಒಪ್ಪಿಸಿದರು: ಹಲ್ಲು ಉಜ್ಜಿದೆ, ದೇವರಿಗೆ ನಮಸ್ಕಾರ ಮಾಡಿದೆ, ಹಾಲು ಕುಡಿದೆ. ಅವರನ್ನು ಪ್ರೀತಿಯಿಂದ ಕಳಿಸಿದೆವು. ಆಯ್ಕೆಯಾಗದ ಮಗುವಿಗೆ ಆಯ್ಕೆಯಾಗಲಿಲ್ಲ ಎಂಬುದು ಗೊತ್ತಾಗದ ಹಾಗೆ ಕಳಿಸುವುದೂ ಒಂದು ಕೆಲಸ. ಪ್ರತಿಯೊಬ್ಬರೊಂದಿಗೂ ಅಷ್ಟೇ ಹೊತ್ತು ಆಡಿ, ಅಷ್ಟೇ ನಗಬೇಕು.

ರಾಯಚೂರು ಮುಗಿಸಿ ಯರಗೇರಾ, ಶಕ್ತಿನಗರ, ದೇವದುರ್ಗ ಸುತ್ತಿ ಮಲ್ಲಟಕ್ಕೆ ಹೋದಾಗ ಬಿಸಿಲಿಗೆ ನನ್ನ ಉತ್ಸಾಹವೂ ಬಾಡಿತ್ತು. ಅಲ್ಲಿ ಚಾಪೆಯ ಮೇಲೆ ಬಂದು ಕೂತವಳು ಹುಲಿಗೆಮ್ಮ. ಎರಡನೇ ಇಯತ್ತೆ ಮುಗಿಸಿದವಳು. ಕುರಿ ಕಾಯುವವರ ಮನೆಯ ಹುಡುಗಿ. ಮುಂಜಾನೆ ಏನಾಯಿತು ಎಂದು ಕೇಳಿದರೆ ತಮ್ಮ ಕುರಿ ಈದ ಕಥೆ ಶುರು ಮಾಡಿದಳು. ನಡುನಡುವೆ ಸುಮ್ಮನಾಗುತ್ತಿದ್ದಳು, ನೆನೆಸಿಕೊಳ್ಳುತ್ತಿದ್ದಳು. ನಾವು ಕೇಳುತ್ತಿದ್ದೇವೋ ಇಲ್ಲವೋ ಎಂಬ ಚಿಂತೆ ಅವಳಿಗಿರಲಿಲ್ಲ. ನಾನು ಬೇಕೆಂದೇ ತಪ್ಪು ಮಾತನಾಡಿದೆ.

"ಮರಿ ಹುಟ್ಟಿದ ಕೂಡಲೆ ನೀರು ಕುಡಿಸಿದ್ರೇನು?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನೀರಲ್ರೀ ಅಕ್ಕೋರ. ಗಿಣ್ಣದ ಹಾಲು. ನಿಮ್ಮನ್ಯಾಗ ಕುರಿ ಇಲ್ಲೇನ್ರಿ?"

ಸುಹಾಸ ನನ್ನ ಮೊಣಕೈ ತಿವಿದ. ಕೇಳಿಸಿಕೊಳ್ಳುವ ಮಗು ಸಿಕ್ಕಿತ್ತು. ಮಾತನಾಡುವ ಮಕ್ಕಳು ಬೇಕಾದಷ್ಟು ಸಿಗುತ್ತಾರೆ, ಎದುರಿನವರ ಮಾತು ಕಿವಿಗೆ ಹಾಕಿಕೊಂಡು ಅದಕ್ಕೆ ಉತ್ತರ ಕೊಡುವವರು ಕಡಿಮೆ. ಆದರೂ ಅಂದೇ ಒಪ್ಪಿಕೊಳ್ಳಲಿಲ್ಲ. ಇನ್ನೆರಡು ಸಲ ಹೋಗಿ ಅದೇ ಕಥೆ ಹೇಳಿಸಿದೆವು, ಮೂರನೇ ಸಲಕ್ಕೂ ಮಾತು ತಾಜಾ ಇರುತ್ತದೆಯೇ ಎಂದು. ಒಮ್ಮೆ ಸುಮ್ಮನೆ ಒಂದು ತಾಸು ಕೂರಿಸಿದೆವು, ಯಾಕೆಂದರೆ ಶೂಟಿಂಗ್ ಎಂದರೆ ಮುಕ್ಕಾಲು ಪಾಲು ಕಾಯುವುದೇ. ಅವಳು ಕಾಯುವುದರಲ್ಲಿ ಪಳಗಿದವಳು, ಕುರಿ ಮೇಯಿಸುವವರಲ್ಲವೇ? ಕೊನೆಗೆ ಅವಳ ತಾಯಿ ಲಕ್ಷ್ಮವ್ವನನ್ನು ಕೇಳಿ, ಹುಲಿಗೆಮ್ಮನನ್ನೂ ಬೇರೆಯಾಗಿ ಕೂರಿಸಿ ಕೇಳಿದೆವು: ನಿನಗೆ ಮನಸ್ಸಿದೆಯಾ? "ಬ್ಯಾಸರಾದ್ರ ಬಿಟ್ಟು ಬರಬೌದೇನ್ರಿ?" ಎಂದಳು. ಬರಬಹುದು ಎಂದೆ. ಇದು ಅವಳಿಗೆ ನಾನು ಕೊಟ್ಟ ಮೊದಲ ಮಾತು. ಈ ಮಾತುಗಳ ಲೆಕ್ಕ ನೀವೂ ಸ್ವಲ್ಪ ಇಟ್ಟುಕೊಳ್ಳಿ, ನನ್ನ ಲೆಕ್ಕ ಮುಂದೆ ತಪ್ಪುತ್ತದೆ.

ಮಾನ್ವಿಯಲ್ಲಿ ಒಂದು ಖಾಲಿ ಮನೆ ಹಿಡಿದು ಮೂರು ವಾರ ಆಟವಾಡಿದೆವು. ಹೌದು, ಆಟ. ಚೌಕಾಬಾರ, ಕುಂಟಾಟ, ಕಣ್ಣಾಮುಚ್ಚಾಲೆ. ಸುಹಾಸ ಅದನ್ನು ವರ್ಕ್‌ಶಾಪ್ ಎನ್ನುತ್ತಿದ್ದ. ಆ ಮನೆಯ ನಡುಮನೆಯಲ್ಲಿ ಮೊದಲ ದಿನದಿಂದಲೇ ಕ್ಯಾಮೆರಾ ಮೂರು ಕಾಲಿನ ಮೇಲೆ ನಿಂತಿರುತ್ತಿತ್ತು, ಚಾಲೂ ಇರುತ್ತಿರಲಿಲ್ಲ. ಮೊದಲ ದಿನ ಹುಲಿಗೆಮ್ಮ ಅದರ ಕಣ್ಣಲ್ಲಿ ಕಣ್ಣಿಟ್ಟಳು. ಎರಡನೇ ದಿನ ಅದಕ್ಕೆ ನಾಲಿಗೆ ತೋರಿಸಿದಳು. ಐದನೇ ದಿನಕ್ಕೆ ಅದು ಮೂಲೆಯ ಕಸಬರಿಗೆಯ ಸಮವಾಯಿತು. ಉದ್ದ ಕೋಲಿಗೆ ಸಿಕ್ಕಿಸಿದ, ಗಾಳಿ ಸದ್ದು ತಡೆಯಲೆಂದು ಬೂದು ತುಪ್ಪಟ ಹೊದಿಸಿದ ಮೈಕಿಗೆ ಅವಳು ಟಗರು ಎಂದು ಹೆಸರಿಟ್ಟಳು. ಕಡೆಗೆ ಎಲ್ಲರೂ "ಟಗರು ಮ್ಯಾಲೆತ್ತು, ಟಗರಿನ ನೆಳ್ಳು ಬೀಳಾಕತ್ತದ" ಎಂದೇ ಮಾತಾಡತೊಡಗಿದರು.

ಅವಳ ಕೈಗೆ ಸ್ಕ್ರಿಪ್ಟು ಕೊಡಲಿಲ್ಲ. ಓದಿ ಕಲಿತರೆ ರಾಗ ಬಂದುಬಿಡುತ್ತದೆ. ಸಂದರ್ಭ ಮಾತ್ರ ಹೇಳುವುದು: ಅಜ್ಜ ಚಹಾಕ್ಕೆ ಸಕ್ಕರೆ ಕೇಳುತ್ತಾನೆ, ಡಾಕ್ಟರು ಬೇಡ ಎಂದಿದ್ದಾರೆ, ನೀನೇನು ಮಾಡುತ್ತಿ? ಮಾತು ಅವಳದೇ. ಅವಳಿಗೆ ಹೇಳುವವಳು ನಾನೊಬ್ಬಳೇ. ಸುಹಾಸನಿಗೆ ಏನಾದರೂ ಬದಲಾಗಬೇಕಿದ್ದರೆ ನನ್ನ ಕಿವಿಯಲ್ಲಿ ಹೇಳಬೇಕು, ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಬೇಕು. ನಾಲ್ಕು ಜನ ನಾಲ್ಕು ತರಹ ಹೇಳಿದರೆ ದೊಡ್ಡವರೇ ಗಲಿಬಿಲಿಯಾಗುತ್ತಾರೆ, ಇನ್ನು ಮಗು! ಇದೇ ಕಾರಣಕ್ಕೆ ಮುಂದೆ ತಪ್ಪಾದಾಗ ಬೇರೆ ಯಾರ ಮೇಲೂ ಹಾಕುವಂತಿರಲಿಲ್ಲ.

ಅಜ್ಜನ ಪಾತ್ರಕ್ಕೆ ದೇವದುರ್ಗದ ಚಂದ್ರಾಮಪ್ಪ ಮಾಸ್ತರು ಬಂದಿದ್ದರು. ಕಂಪನಿ ನಾಟಕದಲ್ಲಿ ಮೈಕಿಲ್ಲದ ಕಾಲದಲ್ಲಿ ಬಣ್ಣ ಹಚ್ಚಿದವರು. ಅವರು "ಮಗಳೇ" ಎಂದರೆ ಮಾನ್ವಿಯ ಬಸ್‌ ನಿಲ್ದಾಣದವರೆಗೆ ಕೇಳುತ್ತಿತ್ತು. ಸುಹಾಸ ವಿನಯದಿಂದ ನಾಲ್ಕು ಸಲ, "ಸ್ವಲ್ಪ ಮೆಲ್ಲಗೆ, ಅಜ್ಜಾವ್ರೆ," ಎಂದು ನೋಡಿದ. ಏನೂ ಆಗಲಿಲ್ಲ. ಐದನೇ ಸಲ ಹುಲಿಗೆಮ್ಮ ಕಿವಿ ಮುಚ್ಚಿಕೊಂಡು, "ಯಜ್ಜಾ, ನಾ ಇಲ್ಲೇ ಅದೀನಿ. ಯಾಕ ಒದರ್ತಿ?" ಎಂದಳು. ಆಮೇಲೆ ಮಾಸ್ತರ ದನಿ ಇಳಿದದ್ದು ಇಳಿದೇ ಹೋಯಿತು. ಇಬ್ಬರೂ ಗಳಸ್ಯ ಕಂಠಸ್ಯ. ಅವರ ಬಾಯಲ್ಲಿ ಹಲ್ಲಿರಲಿಲ್ಲ, ಅವಳ ಬಾಯಲ್ಲಿ ಬೀಳುತ್ತಿದ್ದವು. ಮಾತಾಡಲು ವಿಷಯ ಬೇಕಾದಷ್ಟಿತ್ತು.

ಹಲ್ಲು! ಅಲ್ಲಿಗೇ ಬಂದೆ ನೋಡಿ. ಶೂಟಿಂಗ್ ಶುರುವಾದ ವಾರಕ್ಕೆ ಹುಲಿಗೆಮ್ಮನ ಮುಂದಿನ ಹಲ್ಲು ಅಲುಗಾಡತೊಡಗಿತು. ಸಿನಿಮಾದವರಿಗೆ ಇದು ಭೂಕಂಪದ ಸುದ್ದಿ. ಬಾಗಿಲಾಚೆ ಹಲ್ಲಿರುವ ಹುಡುಗಿ, ಬಾಗಿಲು ದಾಟಿ ಒಳಗೆ ಬಂದರೆ ಹಲ್ಲಿಲ್ಲದ ಹುಡುಗಿ ಆಗುವಂತಿಲ್ಲ. ಆಚೆಯದನ್ನು ಇಂದು ತೆಗೆದು, ಒಳಗಿನದನ್ನು ಹತ್ತು ದಿನ ಬಿಟ್ಟು ತೆಗೆಯುವುದುಂಟು. ನನ್ನ ಕೆಲಸಕ್ಕೆ ಇನ್ನೊಂದು ಕೂಡಿಕೊಂಡಿತು: ದಿನಾ ಮುಂಜಾನೆ ಹಲ್ಲಿನ ಹಾಜರಿ ಹಾಕುವುದು. ಕಬ್ಬು ಬಂದ್, ಕಡಲೆ ಬಂದ್, ಕಟಕ ರೊಟ್ಟಿ ಬಂದ್. ರೊಟ್ಟಿಯನ್ನು ಹಾಲಿನಲ್ಲಿ ಕಲಸಿ ಕೊಟ್ಟರೆ, "ನಾ ಏನು ಮುದುಕಿ ಏನ್ರಿ?" ಎಂದು ಮೂತಿ ಉದ್ದ ಮಾಡುತ್ತಿದ್ದಳು. ಅವಳಿಗೆ ಬೇಡವೆಂದರೂ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಯೋಚನೆ ಬಂದಾಗಲೆಲ್ಲ ಹಲ್ಲನ್ನು ಒಳಗಿನಿಂದ ದೂಡುತ್ತಿದ್ದಳು. ಸುಹಾಸ ಒಳ್ಳೆಯವನು, ಸಿನಿಮಾದ ದೃಶ್ಯಗಳನ್ನು ಸಾಧ್ಯವಾದಷ್ಟು ಕಥೆಯ ಸಾಲಿನಲ್ಲೇ ತೆಗೆಯುವಂತೆ ಬದಲಿಸಿದ. ಕಡೆಯ ದೃಶ್ಯ ಕಡೆಗೇ ಬಂತು. ಹಲ್ಲು ಹೇಗೋ ಅಲ್ಲಿಯ ತನಕ ತೂಗಾಡುತ್ತ ಬಂತು.

ಆ ಕಡೆಯ ದೃಶ್ಯವೇ ಎಲ್ಲಕ್ಕೂ ಮೂಲ. ದೇವದುರ್ಗದ ಬಸ್ ನಿಲ್ದಾಣ. ಅಜ್ಜ ಬಸ್ಸಿನಲ್ಲಿ ಊರು ಬಿಟ್ಟು ಹೋಗುತ್ತಾನೆ, ಮೊಮ್ಮಗಳು ನಿಂತು ನೋಡುತ್ತಾಳೆ. ಅಷ್ಟೇ, ಮಾತಿಲ್ಲ. ಆ ನೋಟ ಕೈಗೂಡದಿದ್ದರೆ ಅದುವರೆಗಿನ ಒಂದೂವರೆ ತಾಸಿನ ಸಿನಿಮಾ ನೀರಲ್ಲಿ ಹೋಮ. ನಿಲ್ದಾಣದ ಒಂದು ಮೂಲೆ ನಮಗೆ ಸಿಕ್ಕಿದ್ದು ಎರಡೇ ಮುಂಜಾನೆ. ಮಕ್ಕಳನ್ನು ದಿನಕ್ಕೆ ಐದು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ವಿರಾಮವಿಲ್ಲದೆ ಮೂರು ತಾಸಿಗಿಂತ ಹೆಚ್ಚಿಲ್ಲ ಎಂಬ ಕಾಯದೆ ಬೇರೆ. ಕಾಯದೆ ಇಲ್ಲದಿದ್ದರೂ ನಮ್ಮ ಬಿಸಿಲು ಹನ್ನೊಂದಕ್ಕೆ ಎಲ್ಲರನ್ನೂ ಮನೆಗೆ ಕಳಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ, ನಾನು ಮೂರನೇ ಇಯತ್ತೆಯಲ್ಲಿದ್ದಾಗಿನ ಒಂದು ಸಂಗತಿ ಹೇಳಬೇಕು. ನಮ್ಮ ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ನಾನು ಅನಾಥ ಮಗು. ಅಳಬೇಕು. ನನಗೆ ಅಳು ಬಾರದು, ಯಾಕೆಂದರೆ ಮೊದಲ ಸಾಲಿನಲ್ಲಿ ನಮ್ಮ ಅವ್ವ-ಅಪ್ಪ ಇಬ್ಬರೂ ಗಟ್ಟಿಮುಟ್ಟಾಗಿ ಕೂತು ಅಡಿಕೆ ಮೆಲ್ಲುತ್ತಿದ್ದರು. ಪರದೆಯ ಹಿಂದೆ ನಮ್ಮ ಅಕ್ಕೋರು ನನ್ನ ತೊಡೆಗೆ ಜೋರಾಗಿ ಚಿವುಟಿದರು. ನಾನು ಅತ್ತ ಅಳುವಿಗೆ ಮಂದಿ ಚಪ್ಪಾಳೆ ತಟ್ಟಿ, ನನಗೊಂದು ಸ್ಟೀಲ್ ಲೋಟ ಬಹುಮಾನ ಬಂತು. ಓಣಿಯಲ್ಲೆಲ್ಲ ಏನು ನಟಿ, ಏನು ನಟಿ ಎಂದರು. ತೊಡೆಯ ಕಂದು ಕಲೆ ಹೋಗಲು ಎಂಟು ದಿನ ಹಿಡಿಯಿತು. ಆ ಲೋಟದಲ್ಲಿ ನೀರು ಕುಡಿಯುವಾಗ ನಾನು ಎಂದೂ ಸಂತೋಷಪಡಲಿಲ್ಲ. ಮುಂದೆ ಮಕ್ಕಳಿಗೆ ಕಲಿಸುವಾಗ ಚಿವುಟುವವಳು ಮಾತ್ರ ಆಗಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಚಿವುಟಲಿಲ್ಲ, ನಿಜ. ಅದಕ್ಕಿಂತ ಸಣ್ಣತನ ಮಾಡಿದೆ.

ಮೊದಲ ಮುಂಜಾನೆ ಎರಡು ಟೇಕ್ ಆದವು. ಹುಲಿಗೆಮ್ಮ ಬಸ್ಸನ್ನು ನೋಡಿದಳು, ನೊಣವನ್ನು ನೋಡಿದಳು, ಬಾಳೆಹಣ್ಣಿನ ಗಾಡಿಯನ್ನು ನೋಡಿದಳು. ಅಜ್ಜ ಹೋದರೂ ಹತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ ಬರುತ್ತಾರೆಂದು ಅವಳಿಗೆ ಗೊತ್ತಿತ್ತಲ್ಲ. ಸುಹಾಸ ಗಡಿಯಾರ ನೋಡಿಕೊಂಡ. ಯಾರೂ ಹೇಳದಿದ್ದರೂ ನಾನೇ ಹೋಗಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಹುಲಿಗಿ, ಅಜ್ಜ ಈ ಸಲ ಖರೇನ ಹೊಂಟಾರ. ಅವರ ಮಗ ಕರ್ಯಾಕತ್ತಾನಂತ. ಇನ್ನ ಮ್ಯಾಲ ಬರಂಗಿಲ್ಲ."

ಅವಳ ಮುಖ ಒಂದು ಕ್ಷಣ ಕಪ್ಪಿಟ್ಟಿತು. ನನಗೆ, ದೇವರು ನನ್ನನ್ನು ಕ್ಷಮಿಸಲಿ, ಖುಷಿಯಾಯಿತು. ಆಮೇಲೆ ಅವಳು ನಿಧಾನವಾಗಿ, ಮಾಸ್ತರು ತಮ್ಮ ಚೀಲ, ನೀರಿನ ಚೊಂಬು ಇಟ್ಟಿದ್ದ ಬೇವಿನ ಮರದ ಕಡೆ ತಿರುಗಿದಳು.

"ಮತ್ತ ಅವರ ಚೀಲ, ತಂಬಗಿ ಇಲ್ಲೇ ಅದಾವಲ್ರೀ?"

ಅಷ್ಟಕ್ಕೇ ಮುಗಿಯಲಿಲ್ಲ. ಬಸ್ಸಿನ ಕಿಟಕಿಯಿಂದ ಮಾಸ್ತರು ತಲೆ ಹೊರಹಾಕಿ ತಮ್ಮ ಹಳೆಯ ಕಂಪನಿ ದನಿಯಲ್ಲಿ, "ಹುಲಿಗೀ, ನಾಷ್ಟಾಕ್ಕ ಒಗ್ಗರಣಿ ಮಂಡಾಳು ಮಾಡಿಸ್ಯಾರ, ನನಗ ಸ್ವಲ್ಪ ತೆಗೆದಿಡು!" ಎಂದು ಕೂಗಿದರು.

ಹುಲಿಗೆಮ್ಮ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅದಿದ್ದಿದ್ದರೆ ಚೆನ್ನಾಗಿತ್ತು. ಮೂರನೇ ಟೇಕಿಗೆ ಅವಳು ನಟಿಸಿದಳು. ಎಡಗೈ ಸೊಂಟಕ್ಕೆ ಹೋಯಿತು, ಬಲಗೈ ಬಸ್ಸಿನ ಕಡೆ ಚಾಚಿತು, ಬಾಯಿಂದ "ಅಜ್ಜಾ... ಹೋಗಬೇಡ ಅಜ್ಜಾ..." ಎಂದು ಸಾಕ್ಷಾತ್ ಗ್ಯಾದರಿಂಗಿನ ರಾಗ. ಎಲ್ಲಿ ಕಲಿತಳೋ! ದೊಡ್ಡವರು ಇಷ್ಟು ಚೆಂದ ನಾಟಕ ಮಾಡುವಾಗ ತಾನೂ ಯಾಕೆ ಮಾಡಬಾರದು ಎಂದು ತೀರ್ಮಾನಿಸಿದ್ದಳು. ನಾಲ್ಕನೇ ಟೇಕು, ಐದನೇ ಟೇಕು, ಎಲ್ಲವೂ ಹಾಗೆಯೇ. ಸುಹಾಸ ಪೆಚ್ಚಾಗಿ, "ಇವಳಿಗೆ ಆಕ್ಟಿಂಗ್ ಯಾರು ಕಲಿಸಿದ್ದು?" ಎಂದ. ಹನ್ನೊಂದಕ್ಕೆ ಪ್ಯಾಕಪ್.

ಲಕ್ಷ್ಮವ್ವ ಮಗಳ ತಲೆ ಬಾಚುತ್ತ ನನಗೆ ಮೆಲ್ಲಗೆ ಹೇಳಿದಳು: "ನೀವು ಅಂದದ್ದು ಆಕಿ ಮನಸಿಗೆ ಹಚ್ಚಿಕೊಂಡಾಳ್ರಿ. ನಾಳಿ ಬರಂಗಿಲ್ಲ ಅನ್ನಾಕತ್ತಾಳ. ಬ್ಯಾಸರಾದ್ರ ಬಿಡಬೌದು ಅಂದಿದ್ರಂತಲ್ಲ?"

ಅಂದಿದ್ದೆ. ಕೊಟ್ಟ ಮಾತನ್ನು ಈಗ ವಾಪಸು ತೆಗೆದುಕೊಂಡರೆ ಎರಡನೇ ಸುಳ್ಳಾಗುತ್ತದೆ. ಬಾ ಎಂದು ಬಲವಂತ ಮಾಡಲು ನಾಲಿಗೆ ಏಳಲಿಲ್ಲ. ಮಧ್ಯಾಹ್ನ ನಾವಿಳಿದುಕೊಂಡಿದ್ದ ಮನೆಯ ಕಟ್ಟೆಯ ಮೇಲೆ ಅವಳೊಬ್ಬಳೇ ಕೂತು ಹಲ್ಲು ದೂಡುತ್ತಿದ್ದಳು. ಹೋಗಿ ಕೂತೆ.

"ನಾ ಸುಳ್ಳು ಹೇಳಿದೆ, ಹುಲಿಗಿ. ನಿನಗ ಅಳು ಬರಲಿ ಅಂತ ಹೇಳಿದೆ. ತಪ್ಪಾತು. ನಾಳಿ ನೀ ಬರದಿದ್ರೂ ಯಾರೂ ನಿನಗ ಏನೂ ಅನ್ನಂಗಿಲ್ಲ."

ಅವಳು ಹಲ್ಲು ದೂಡುತ್ತಲೇ ಇದ್ದಳು. ದೊಡ್ಡವರು ತಪ್ಪು ಒಪ್ಪಿಕೊಂಡರೆ ಮಕ್ಕಳು ತಕ್ಷಣ ಕರಗುತ್ತಾರೆ ಎಂದು ನಾನೆಲ್ಲೋ ಓದಿದ್ದೆ. ಬರೆದವರಿಗೆ ಹುಲಿಗೆಮ್ಮ ಸಿಕ್ಕಿರಲಿಲ್ಲ. ಕೊನೆಗೆ ಅವಳು, "ನೀವ ಮಾಡಿ ತೋರಸ್ರಿ," ಎಂದಳು.

"ಏನು?"

"ಅಜ್ಜ ಹೋಗಾಕತ್ತಾನ. ನೀವು ನಿಂತು ನೋಡ್ರಿ. ಅಳ್ರಿ."

ಸರಿ, ಅಂಗಳದಲ್ಲಿ ನಿಂತೆ. ಅವಳು ಮಾಸ್ತರನ್ನು ಎಬ್ಬಿಸಿ ತಂದು ಸೈಕಲ್ಲಿನ ಮೇಲೆ ಕೂರಿಸಿ, ಇದೇ ಬಸ್ಸು ಎಂದಳು. ಅವರು ನಿದ್ದೆಗಣ್ಣಿನಲ್ಲೇ ಪೆಡಲು ತುಳಿದರು. ನಾನು ಅಳಲು ಹೋಗಿ ಮುಖ ಹುಳ್ಳಗೆ ಮಾಡಿದೆ. ಅವಳು "ಕಟ್!" ಎಂದಳು. ಮತ್ತೊಮ್ಮೆ. "ಕಟ್!" ಮೂರನೇ ಸಲಕ್ಕೆ ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲಕ್ಷ್ಮವ್ವನೂ ಸೆರಗು ಅಡ್ಡ ಹಿಡಿದು ನಕ್ಕಳು. ಇಪ್ಪತ್ತು ವರ್ಷದ ನನ್ನ ರಂಗಸೇವೆ ಆ ಅಂಗಳದಲ್ಲಿ ಮಣ್ಣುಪಾಲಾಯಿತು. ಆಮೇಲೆ ನಿರ್ದೇಶಕಿ ನನ್ನ ಪಕ್ಕಕ್ಕೆ ಬಂದು, ನಾನು ಕೂರುವ ಹಾಗೆಯೇ ಕುಕ್ಕರಗಾಲಲ್ಲಿ ಕೂತು ಹೇಳಿದಳು:

"ಅಳಬ್ಯಾಡ್ರೀ ಅಕ್ಕೋರ. ಯಾರಾರ ಹೋಗಾಗ ಹಂಗ ಅಳ್ತಾರೇನು? ನಮ್ಮಪ್ಪ ಕುರಿ ಹೊಡಕೊಂಡು ದೂರ ಹೋಗ್ತಾನಲ್ರಿ, ತಿಂಗಳಗಟ್ಲೆ ಬರಂಗಿಲ್ಲ. ಆಗ ನಾ ಎಣಸ್ತೀನ್ರಿ."

"ಏನು ಎಣಿಸ್ತಿ?"

"ಕುರಿ. ಕಡೀ ಕುರಿ ಕಾಣೂತನಕ. ನಡುವ ಅತ್ರ ಲೆಕ್ಕ ತಪ್ಪತದ. ಬರಾಗ ಲೆಕ್ಕ ತಾಳೆ ನೋಡಬೇಕಲ್ರಿ, ಎಲ್ಲಾವೂ ಬಂದಾವಿಲ್ಲ ಅಂತ."

ಮಗುವಿಗೆ ಭಾವನೆಯನ್ನು ಮಾಡು ಎನ್ನಬಾರದು, ಮಾಡಲು ಒಂದು ಕೆಲಸ ಕೊಡಬೇಕು. ಇದನ್ನು ಎಷ್ಟೋ ಶಿಬಿರಗಳಲ್ಲಿ ಎಷ್ಟೋ ಮೇಷ್ಟರುಗಳಿಗೆ ನಾನೇ ಬೋಧಿಸಿದ್ದೆ. ನನಗೇ ನೆನಪಾಗದ್ದನ್ನು ಏಳು ವರ್ಷದವಳು ನೆನಪಿಸಬೇಕಾಯಿತು.

"ನಾಳಿ ಬಸ್ಸಿನ ಕಿಟಕಿ ಎಣಿಸ್ತೀಯೇನು?" ಎಂದೆ.

"ಅದರಾಗಿನ ಮಂದಿನೂ ಎಣಸ್ತೀನಿ," ಎಂದಳು. ಬರುತ್ತೇನೆ ಎಂದು ಅವಳು ಹೇಳಿದ ರೀತಿ ಅದು.

ಎರಡನೇ ಮುಂಜಾನೆ ಸುಹಾಸನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಕ್ಯಾಮೆರಾವನ್ನು ದೂರಕ್ಕೆ, ಟೀ ಅಂಗಡಿಯ ಹತ್ತಿರ ಒಯ್ದು, ಕಾಲು ಗಿಡ್ಡ ಮಾಡಿ, ಅವಳ ಕಣ್ಣಿನ ಎತ್ತರಕ್ಕೆ ಇಳಿಸಿದ. ಉದ್ದನೆಯ ಲೆನ್ಸು ಅಲ್ಲಿಂದಲೇ ಅವಳ ಮುಖ ಹಿಡಿಯುತ್ತದೆ. ಅವಳು ನಿಲ್ಲಬೇಕಾದ ಜಾಗಕ್ಕೆ ಬಣ್ಣದ ಪಟ್ಟಿ ಅಂಟಿಸಿದರೆ ಕೆಳಗೆ ನೋಡಿಬಿಡುತ್ತಾಳೆ. ಅದಕ್ಕೆ ಮಣ್ಣಿನಲ್ಲಿ ಒಂದು ಹಗ್ಗದ ತುಂಡು ಹೂತಿದ್ದೆವು. ಬರಿಗಾಲಿಗೆ ಹಗ್ಗ ಸಿಕ್ಕಿದ ಕೂಡಲೇ ನಿಲ್ಲಬೇಕು. ಆ್ಯಕ್ಷನ್ ಎಂದು ಯಾರೂ ಕೂಗಲಿಲ್ಲ. ಕ್ಲ್ಯಾಪ್ ಹಲಗೆಯನ್ನೂ ಮೊದಲು ಹೊಡೆಯಲಿಲ್ಲ. ಮುಖದೆದುರು ಫಟ್ ಎಂದರೆ ಮಗುವಿನ ಮನಸ್ಸಿನಲ್ಲಿದ್ದುದು ಹಾರಿಹೋಗುತ್ತದೆ, ಅದನ್ನು ಕೊನೆಗೆ ತಲೆಕೆಳಗಾಗಿ ಹಿಡಿದು ಹೊಡೆಯುವುದು ನಮ್ಮ ರೂಢಿಯಾಗಿತ್ತು. ಸುಹಾಸ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅದೇ ಸನ್ನೆ. ಕ್ಯಾಮೆರಾ ಓಡಿತು, ಬಸ್ಸು ಹೊರಟಿತು.

ಹುಲಿಗೆಮ್ಮ ನಡೆದು ಬಂದು ನಿಂತಳು. ತುಟಿ ಸಣ್ಣಗೆ ಅಲುಗಿತು. ಒಂದು, ಎರಡು, ಮೂರು. ಬಸ್ಸು ತಿರುವಿನಲ್ಲಿ ಹೊರಳಿದಾಗ ಕಿಟಕಿಗಳು ಮರೆಯಾಗತೊಡಗಿದವು, ಅವಳು ಕತ್ತು ಚಾಚಿ ಎಣಿಸಿದಳು. ನಡುವೆ ನಾಲಿಗೆ ಹಲ್ಲಿಗೆ ಹೋಯಿತು. ತಟ್ಟನೆ ಬಾಯಿಗೆ ಕೈ ಹಚ್ಚಿದಳು, ಮುಷ್ಟಿ ಮುಚ್ಚಿ ಕೆಳಗಿಳಿಸಿದಳು. ನೋಟ ಮಾತ್ರ ಬಸ್ಸಿನ ಮೇಲಿಂದ ಕದಲಲಿಲ್ಲ. ಬಸ್ಸು ಹೋಗಿ, ಧೂಳು ಇಳಿದು, ರಸ್ತೆ ಖಾಲಿಯಾಗುವವರೆಗೆ ನಿಂತಳು. ಆಮೇಲೆ ಲೆಕ್ಕ ಮುಗಿದವರು ನಿಟ್ಟುಸಿರು ಬಿಡುವಂತೆ ಒಂದು ಉಸಿರು ಬಿಟ್ಟಳು. ಟಗರು ಹಿಡಿದವನು ಕಣ್ಣೊರೆಸಿಕೊಂಡ. ಸುಹಾಸ ಕಟ್ ಎನ್ನುವುದನ್ನೇ ಮರೆತಿದ್ದ.

ನಾನು ಓಡಿದೆ. ಅವಳು ಮುಷ್ಟಿ ಬಿಚ್ಚಿದಳು. ಒಳಗೆ ಹಲ್ಲು.

"ಹದಿನಾಲ್ಕನೇದಕ್ಕ ಬಿತ್ರೀ. ಬಾಯಿ ತೆರೆದ್ರ ಲೆಕ್ಕ ತಪ್ಪತಿತ್ತು, ಅದಕ್ಕ ಸುಮ್ಮನಿದ್ದೆ."

ನಮ್ಮ ಕಡೆ ಬಿದ್ದ ಹಾಲುಹಲ್ಲನ್ನು ಸೆಗಣಿ ಉಂಡೆಯೊಳಗಿಟ್ಟು ಮನೆಯ ಮಾಳಿಗೆಯ ಮೇಲೆ ಎಸೆಯುತ್ತಾರೆ, ಆಗಲೇ ಹೊಸ ಹಲ್ಲು ಚೆಂದ ಬರುವುದು. ಲಕ್ಷ್ಮವ್ವ ಕೈಚಾಚಿದಳು. ಹುಲಿಗೆಮ್ಮ ಅವ್ವನಿಗೆ ಕೊಡಲಿಲ್ಲ. ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ನಿಮ್ಮಂತಾಕ ಇರಲಿ. ಸಿನಿಮಾ ಮುಗದ ಮ್ಯಾಲ ನಮ್ಮನಿಗೆ ತಗೊಂಡು ಬರ್ರಿ. ಆಗ ಒಗ್ಯಾಮು."

"ಖಂಡಿತ ಬರ್ತೀನಿ," ಎಂದೆ.

ಇದು ಎರಡನೇ ಮಾತು. ಸಿನಿಮಾ ಮುಗಿಯಿತು. ಬೆಂಗಳೂರಿನಲ್ಲಿ ತೋರಿಸಿದರು, ನಾನೂ ಹೋಗಿ ವೇದಿಕೆಯ ಮೇಲೆ ನಿಂತು ಕೈಮುಗಿದೆ. ಮಕ್ಕಳನ್ನು ನಂಬಿಸುವುದು ಹೇಗೆ ಎಂದು ಹತ್ತು ನಿಮಿಷ ಭಾಷಣ ಬೇರೆ ಮಾಡಿದೆ. ಸುಹಾಸ ಹುಲಿಗೆಮ್ಮನ ಅಪ್ಪನ ಮೊಬೈಲಿಗೆ ಸಿನಿಮಾ ಕಳಿಸಿದ, ಅವರು ಮನೆಯಲ್ಲೇ ನೋಡಿದರು. ಇನ್ನು ಅಲ್ಲಿಗೆ ಹೋಗುವ ಕಾರಣವೇನೂ ಉಳಿಯಲಿಲ್ಲ, ಹಲ್ಲು ಹಾಕಿಟ್ಟ ಒಂದು ಶೀಷೆಯ ಹೊರತು. ಮುಂದಿನ ವಾರ, ಮುಂದಿನ ತಿಂಗಳು, ಮಳೆ ನಿಲ್ಲಲಿ, ಶಿಬಿರ ಮುಗಿಯಲಿ. ಶೂಟಿಂಗಿನವರು ಪ್ರತಿ ಊರಿನಲ್ಲೂ ಮತ್ತೆ ಬರುತ್ತೇವೆ ಎಂದು ಹೇಳಿಯೇ ಹೋಗುತ್ತಾರೆ. ನಾನೂ ಅವರಲ್ಲೊಬ್ಬಳಾಗಿದ್ದೆ. ಶೀಷೆ ಹಿಂದಕ್ಕೆ ಸರಿದು ಗುಳಿಗೆಗಳ ಜೊತೆ ಸೇರಿತು.

ಮನೆಯವರ ನೆಗಡಿಗೆ ಜೀವಮಾನದಲ್ಲಿ ಮೊದಲ ಸಲ ಧನ್ಯವಾದ ಹೇಳಿ, ಮರುದಿನ ಮುಂಜಾನೆ ಮಾನ್ವಿಯ ಬಸ್ಸು ಹತ್ತಿದೆ. ಅಲ್ಲಿಂದ ಮಲ್ಲಟ. ಶೀಷೆಯನ್ನು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡೆ. ಏನೆಂದು ಮಾತು ಶುರು ಮಾಡುವುದೆಂದು ನಾಲ್ಕು ತರಹ ತಾಲೀಮು ಮಾಡಿದೆ, ನಾಲ್ಕೂ ಗ್ಯಾದರಿಂಗಿನ ರಾಗದಲ್ಲೇ ಬಂದವು.

ಹುಲಿಗೆಮ್ಮ ಅಂಗಳದಲ್ಲಿ ಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಒಂದು ಗೇಣು ಎತ್ತರವಾಗಿದ್ದಾಳೆ. ನನ್ನನ್ನು ನೋಡಿ ನಕ್ಕಳು. ನಕ್ಕಾಗ ಮೊದಲು ಕಂಡದ್ದೇ ಹೊಸ ಹಲ್ಲು. ಮುಖಕ್ಕೆ ಮೀರಿದ, ಅಗಲವಾದ, ಬೆಳ್ಳಗಿನ ಹಲ್ಲು. ಬಂದು ಎಷ್ಟು ಕಾಲವಾಗಿತ್ತೋ!

"ಯವ್ವಾ, ಅಕ್ಕೋರು ಬಂದ್ರು!" ಎಂದು ಒಳಗೆ ಕೂಗಿ ಹೇಳಿ, ನನ್ನ ಕೈಯನ್ನೇ ನೋಡುತ್ತ ನಿಂತಳು. ನಾನು ಶೀಷೆ ಕೊಟ್ಟೆ. ನನಗೆ ನಾಚಿಕೆ. "ಹೊಸಾ ಹಲ್ಲು ಆಗಲೇ ಬಂದದಲ್ಲ, ಹುಲಿಗಿ. ನಾ ಬಾಳ ತಡ ಮಾಡಿದೆ. ಇದನ್ನ ಒಗದು ಈಗ ಏನು ಉಪಯೋಗ?"

"ಹೊಸಾ ಹಲ್ಲಿಗೆ ಅಲ್ರೀ ಕೊಟ್ಟಿದ್ದು," ಎಂದಳು ಅವಳು, ಬಿರಡೆ ತೆಗೆಯುತ್ತ. "ನಮ್ಮವ್ವ ಅಂತಿದ್ಲು, ಸಿನಿಮಾ ಮುಗದ್ರ ಅಕ್ಕೋರು ಇನ್ನ ಬರಂಗಿಲ್ಲ ಅಂತ. ಅಜ್ಜ ಬಸ್ಸಿನ್ಯಾಗ ಹೋದಾಗ ತಂಬಗಿ ಬಿಟ್ಟು ಹೋಗಿದ್ನಲ್ಲ, ಅದಕ್ಕ ತಿರುಗಿ ಬಂದ, ಹಂಗ. ತಿರುಗಿ ಕೊಡೂದು ಏನಾರ ಒಂದು ಇದ್ರ ನೀವೂ ಬರ್ತೀರಿ ಅಂತ ಕೊಟ್ಟಿದ್ದೆ."

ಲಕ್ಷ್ಮವ್ವ ಸೆಗಣಿ ತಂದಳು. ಉಂಡೆ ಮಾಡಿ, ಹಲ್ಲು ಒಳಗಿಟ್ಟು, ನನ್ನ ಕೈಯಲ್ಲೇ ಎಸೆಸಿದರು. ಮೊದಲ ಸಲ ಗೋಡೆಗೆ ಬಡಿದು ಕೆಳಗೆ ಬಿತ್ತು. ಹುಲಿಗೆಮ್ಮ "ಕಟ್!" ಎಂದಳು. ಎರಡನೇ ಟೇಕಿಗೆ ಮಾಳಿಗೆ ಏರಿತು. ಮಧ್ಯಾಹ್ನ ಕಟಕ ರೊಟ್ಟಿ, ಪುಂಡಿಪಲ್ಲೆ ಊಟ. ಅವಳು ರೊಟ್ಟಿಯನ್ನು ನನ್ನೆದುರು ಬೇಕೆಂದೇ ಕರಕರ ಸದ್ದು ಮಾಡಿ ಕಡಿದಳು, ಎರಡು ವರ್ಷದ ಹಿಂದಿನ ಹಾಲು-ರೊಟ್ಟಿಯ ಸೇಡು.

ಸಂಜೆಗೆ ಬಸ್ಸು ಬಂತು. ಹತ್ತಿ ಕಿಟಕಿಯ ಹತ್ತಿರ ಕೂತೆ. ಹುಲಿಗೆಮ್ಮ ರಸ್ತೆಯ ಬದಿಗೆ ಮರಿಯನ್ನು ಎತ್ತಿಕೊಂಡು ನಿಂತಿದ್ದಳು. ಮತ್ತೆ ಬರುತ್ತೇನೆ ಎಂದು ಕೂಗಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಬಸ್ಸು ಚಲಿಸಿತು. ಕೈ ಬೀಸಿದೆ. ಅವಳು ಬೀಸಲಿಲ್ಲ. ತುಟಿ ಸಣ್ಣಗೆ ಅಲುಗುತ್ತಿತ್ತು.

ಆಗ ನನಗೆ ಅಳು ಬಂತು. ಯಾರೂ ಚಿವುಟಿರಲಿಲ್ಲ.